ಸರ್ವೋ ಆಕ್ಸಿಸ್‌ಗೆ ಯಾವ ಕಪ್ಲಿಂಗ್: ಬೆಲ್ಲೋಸ್, ಡಿಸ್ಕ್, ಇಲ್ಲ ಜಾ?

ಮೋಟರ್ ಬಂತು, ಬಾಲ್‌ಸ್ಕ್ರೂ ಬಂತು, ಗೈಡ್‌ವೇ ಕೂತಾಯ್ತು. ಕೊನೆಗೆ ಉಳಿಯುವುದು ಎರಡು ಶಾಫ್ಟ್‌ಗಳ ನಡುವಿನ ಒಂದು ಅಂಗೈ ಅಗಲದ ಜಾಗ. ಅಲ್ಲಿ ಏನು ಹಾಕುವುದು? ಪೀಣ್ಯದಲ್ಲಿ ಎಸ್‌ಪಿಎಂ ಕಟ್ಟುವವರು ಈ ಪ್ರಶ್ನೆ ಕೇಳುತ್ತಾರೆ. ಹಳೆ ಮಷೀನಿಗೆ ಸರ್ವೋ ಕೂರಿಸುವವರೂ ಕೇಳುತ್ತಾರೆ. ಜಾ ಕಪ್ಲಿಂಗ್ ಬೆಲೆ ಕಡಿಮೆ, ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ಬೆಲ್ಲೋಸ್ ಕ್ಯಾಟಲಾಗ್ ತೆಗೆದರೆ ಟಾರ್ಷನಲ್ ಸ್ಟಿಫ್‌ನೆಸ್ ಹತ್ತು ಪಟ್ಟಿಗೂ ಜಾಸ್ತಿ ಕಾಣುತ್ತದೆ. ಡಿಸ್ಕ್ ಇವೆರಡರ ನಡುವೆ ನಿಲ್ಲುತ್ತದೆ. ಹಾಗಾದರೆ ದುಡ್ಡಿದ್ದರೆ ಬೆಲ್ಲೋಸ್, ಇಲ್ಲದಿದ್ದರೆ ಜಾ ಅಂತ ಮುಗಿಸಬಹುದಾ?

ಮುಗಿಸಬಾರದು. ಕ್ಯಾಟಲಾಗಿನ ಆ ಹತ್ತು ಪಟ್ಟು ನಿಮ್ಮ ಮಷೀನಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನು ಕಪ್ಲಿಂಗ್ ಒಂದೇ ತೀರ್ಮಾನ ಮಾಡುವುದಿಲ್ಲ. ಅದರ ಮುಂದೆ ಇರುವ ಸ್ಕ್ರೂ, ಗೇರ್‌ಬಾಕ್ಸ್, ರೋಲರ್ ಎಲ್ಲವೂ ಸೇರಿ ಮಾಡುತ್ತವೆ. ಕೆಲವು ಆಕ್ಸಿಸ್‌ಗಳಲ್ಲಿ ದುಬಾರಿ ಕಪ್ಲಿಂಗ್ ಹಾಕಿದರೂ ಹೇಳಿಕೊಳ್ಳುವಂಥ ಲಾಭ ಇರುವುದಿಲ್ಲ. ಇನ್ನು ಕೆಲವು ಕಡೆ ಜಾ ಹಾಕಿದರೆ ಕೆಲಸವೇ ಕೆಡುತ್ತದೆ. ಎರಡನ್ನೂ ಒಂದು ಲೆಕ್ಕ ಹಾಕಿ ನೋಡೋಣ.

ಯಾವುದರ ಮೇಲೆ ತೂಗಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಮೊದಲನೆಯದು ವೈಂಡಪ್, ಅಂದರೆ ಟಾರ್ಕ್ ಬಿದ್ದಾಗ ಕಪ್ಲಿಂಗ್ ಎಷ್ಟು ತಿರುಚಿಕೊಳ್ಳುತ್ತದೆ ಎನ್ನುವುದು. ಎನ್‌ಕೋಡರ್ ಇರುವುದು ಮೋಟರಿನ ಹಿಂಭಾಗದಲ್ಲಿ. ಹಾಗಾಗಿ ಕಪ್ಲಿಂಗ್ ತಿರುಚಿಕೊಂಡಿದ್ದು ಡ್ರೈವಿಗೆ ಗೊತ್ತೇ ಆಗುವುದಿಲ್ಲ. ಸ್ಕ್ರೀನ್ ಮೇಲೆ ಪೊಸಿಷನ್ ಸರಿ ಇರುತ್ತದೆ, ಟೇಬಲ್ ಮಾತ್ರ ಸ್ವಲ್ಪ ಹಿಂದೆ ಇರುತ್ತದೆ.

ಎರಡನೆಯದು ರೆಸೋನೆನ್ಸ್. ಮೋಟರಿನ ರೋಟರ್ ಒಂದು ಕಡೆ, ಲೋಡ್ ಇನ್ನೊಂದು ಕಡೆ, ನಡುವೆ ಸ್ಪ್ರಿಂಗಿನಂಥ ಕಪ್ಲಿಂಗ್. ಈ ಜೋಡಿಗೆ ತನ್ನದೇ ಒಂದು ಕಂಪನದ ಫ್ರೀಕ್ವೆನ್ಸಿ ಇರುತ್ತದೆ. ಡ್ರೈವಿನ ಗೇನ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಆಕ್ಸಿಸ್ ಕೂಗಲು ಶುರು ಮಾಡುತ್ತದಲ್ಲ, ಅದು ಬಹಳ ಸಲ ಈ ಫ್ರೀಕ್ವೆನ್ಸಿಯೇ. ಅದು ಮೇಲಿದ್ದಷ್ಟೂ ಗೇನ್ ಏರಿಸಲು ಜಾಗ ಜಾಸ್ತಿ.

ಮೂರನೆಯದು ಡ್ಯಾಂಪಿಂಗ್, ಅಂದರೆ ಆ ಕಂಪನವನ್ನು ನುಂಗುವ ಗುಣ. ನಾಲ್ಕನೆಯದು ಮುರಿದಾಗ ಏನಾಗುತ್ತದೆ ಎನ್ನುವುದು. ಕ್ಯಾಟಲಾಗಿನ ಮೊದಲ ಪುಟದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. Z ಆಕ್ಸಿಸ್‌ನಲ್ಲಿ ಮಾತ್ರ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದೇ. ಬೆಲೆ, ಸಿಗುವ ಸಮಯ, ಅಲೈನ್‌ಮೆಂಟ್ ಇವನ್ನೂ ದಾರಿಯಲ್ಲಿ ಹೇಳುತ್ತೇನೆ.

ಮೂರೂ ಏನು

ಜಾ ಕಪ್ಲಿಂಗ್‌ನಲ್ಲಿ ಹಲ್ಲುಗಳಿರುವ ಎರಡು ಹಬ್, ನಡುವೆ ಪಾಲಿಯುರೆಥೇನ್ ಸ್ಪೈಡರ್. ಇದರಲ್ಲಿ ಎರಡು ಜಾತಿ ಇದೆ, ಇವನ್ನು ಬೆರೆಸಬೇಡಿ. ಪಂಪಿಗೆ, ಕನ್ವೇಯರಿಗೆ ಹಾಕುವ ನೇರ ಹಲ್ಲಿನ ಕಪ್ಲಿಂಗನ್ನು ಅಂಗಡಿಯಲ್ಲಿ ಯಾವ ಕಂಪನಿಯದ್ದಾದರೂ 'ಲವ್‌ಜಾಯ್' ಎಂದೇ ಕೊಡುತ್ತಾರೆ. ಅದರಲ್ಲಿ ಸ್ಪೈಡರ್ ಸಡಿಲವಾಗಿ ಕೂರುತ್ತದೆ, ಬ್ಯಾಕ್‌ಲ್ಯಾಶ್ ಇದ್ದೇ ಇರುತ್ತದೆ. ಸರ್ವೋಗೆ ಅದು ಬೇಡವೇ ಬೇಡ. ಸರ್ವೋಗೆ ಬೇಕಾದ್ದು ಬಾಗಿದ ಹಲ್ಲಿನ, ಸ್ಪೈಡರ್ ಬಿಗಿಯಾಗಿ ಒತ್ತಿ ಕೂರುವ ಝೀರೋ ಬ್ಯಾಕ್‌ಲ್ಯಾಶ್ ಜಾ. ಜೋಡಿಸುವಾಗ ಕೈಯಿಂದ ಸಲೀಸಾಗಿ ಒಳಗೆ ಹೋಯಿತು ಅಂದರೆ ಒಂದೋ ಅದು ತಪ್ಪು ಜಾತಿ, ಇಲ್ಲವೇ ಸ್ಪೈಡರ್ ಸವೆದಿದೆ. ಸರಿಯಾದದ್ದನ್ನು ಸ್ವಲ್ಪ ಜೋರಾಗಿಯೇ ಒತ್ತಬೇಕಾಗುತ್ತದೆ. ಮುಂದೆ ನಾನು ಜಾ ಅಂದಾಗಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಬೆಲ್ಲೋಸ್‌ನಲ್ಲಿ ಸುಕ್ಕು ಸುಕ್ಕಾದ ತೆಳು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಎರಡು ತುದಿಯಲ್ಲಿ ಕ್ಲಾಂಪ್ ಹಬ್. ತಿರುಚಲು ಬಹಳ ಗಟ್ಟಿ, ಬಾಗಲು ಮೆತ್ತಗೆ. ಡಿಸ್ಕ್‌ನಲ್ಲಿ ತೆಳು ಸ್ಟೀಲ್ ತಗಡುಗಳ ಒಂದು ಪ್ಯಾಕ್, ಅದನ್ನು ಎರಡೂ ಹಬ್‌ಗಳಿಗೆ ಒಂದು ಬಿಟ್ಟು ಒಂದು ಬೋಲ್ಟ್ ಮಾಡಿರುತ್ತಾರೆ. ಇಲ್ಲೂ ಒಂದು ಎಚ್ಚರಿಕೆ ಇದೆ. ಸಿಂಗಲ್ ಡಿಸ್ಕ್ ಕೋನದ ವ್ಯತ್ಯಾಸವನ್ನು ತಡೆದುಕೊಳ್ಳುತ್ತದೆ. ಆದರೆ ಎರಡು ಶಾಫ್ಟ್‌ಗಳು ಸಮಾನಾಂತರವಾಗಿದ್ದು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಅದಕ್ಕೆ ಏನೂ ಮಾಡಲಾಗದು. ಮೋಟರ್ ಒಂದು ಬ್ರಾಕೆಟ್ಟಿಗೆ, ಸ್ಕ್ರೂ ಬೇರಿಂಗ್ ಇನ್ನೊಂದು ಬ್ಲಾಕಿಗೆ ಗಟ್ಟಿಯಾಗಿ ಕೂತಿರುವಾಗ ಆ ಸರಿತ ಸ್ವಲ್ಪವಾದರೂ ಇರುತ್ತದೆ. ಅಲ್ಲಿ ನಡುವೆ ಸ್ಪೇಸರ್ ಇರುವ ಡಬಲ್ ಡಿಸ್ಕ್ ಬೇಕು. ಸಿಂಗಲ್ ಡಿಸ್ಕ್‌ನ ಸ್ಟಿಫ್‌ನೆಸ್ ನೋಡಿ ಮನಸೋತು ಆರ್ಡರ್ ಮಾಡಿದರೆ ಕೆಲವು ತಿಂಗಳಲ್ಲಿ ಹೊರಗಿನ ತಗಡು ಬೋಲ್ಟ್ ಪಕ್ಕದಲ್ಲಿ ಸೀಳುತ್ತದೆ.

ಒಂದು ಆಕ್ಸಿಸ್, ಮೂರು ಕಪ್ಲಿಂಗ್

ನಮ್ಮಲ್ಲಿ ತುಂಬಾ ಕಾಣುವ ಸೈಜನ್ನೇ ತೆಗೆದುಕೊಳ್ಳೋಣ. 750 ವ್ಯಾಟ್ ಸರ್ವೋ, 3,000 ಆರ್‌ಪಿಎಂ. ರೇಟೆಡ್ ಟಾರ್ಕ್ 2.4 ನ್ಯೂಟನ್ ಮೀಟರ್, ಪೀಕ್ ಅದರ ಮೂರು ಪಟ್ಟು, ಅಂದರೆ 7.2. ಸ್ಕ್ರೂ 20 ಮಿ.ಮೀ. ದಪ್ಪ, 10 ಮಿ.ಮೀ. ಲೀಡ್, 600 ಮಿ.ಮೀ. ಉದ್ದ. ಟೇಬಲ್ 40 ಕೆ.ಜಿ. ಮೋಟರ್ ಕಡೆಯ ಇನರ್ಷಿಯಾ 0.00012 ಕೆ.ಜಿ. ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಸ್ಕ್ರೂ, ಟೇಬಲ್, ಕಪ್ಲಿಂಗಿನ ಅರ್ಧ ಎಲ್ಲ ಸೇರಿ ಲೋಡ್ ಕಡೆ 0.0002.

ಕಪ್ಲಿಂಗ್ ಎಲ್ಲವೂ ಹೊರವ್ಯಾಸ 40ರಿಂದ 50 ಮಿ.ಮೀ. ಇರುವಂಥವು. ಈ ಸೈಜಿನಲ್ಲಿ ಶೋರ್ 98ಎ ಸ್ಪೈಡರ್ ಇರುವ ಜಾ ರೇಡಿಯನ್ನಿಗೆ ಸುಮಾರು 1,200 ನ್ಯೂಟನ್ ಮೀಟರ್ ಕೊಡುತ್ತದೆ. ಡಬಲ್ ಡಿಸ್ಕ್ 7,000, ಬೆಲ್ಲೋಸ್ 14,000 ಆಸುಪಾಸು. ಇವು ಅಂದಾಜಿನ ಅಂಕಿ. ನಿಮ್ಮ ಮಾಡೆಲ್ಲಿನ ಅಂಕಿಯನ್ನು ಕ್ಯಾಟಲಾಗಿನಿಂದ ತೆಗೆದು ಹಾಕಿಕೊಳ್ಳಿ, ಲೆಕ್ಕ ಅದೇ.

```
θ = T / k
x = θ · p / (2π)
```

T ಕಪ್ಲಿಂಗ್ ಮೂಲಕ ಹೋಗುವ ಟಾರ್ಕ್, k ಸ್ಟಿಫ್‌ನೆಸ್, p ಲೀಡ್. θ ರೇಡಿಯನ್ನಿನಲ್ಲಿ ಬರುತ್ತದೆ, x ಟೇಬಲ್ ಎಷ್ಟು ಹಿಂದೆ ಉಳಿಯಿತು ಎನ್ನುವುದು.

ಇಲ್ಲಿ ಬಹಳ ಜನ ಮೋಟರಿನ ಪೀಕ್ ಟಾರ್ಕನ್ನೇ T ಅಂತ ಹಾಕುತ್ತಾರೆ. ಆದರೆ ಆಕ್ಸಿಲರೇಷನ್ ಆಗುವಾಗ ಮೋಟರ್ ತನ್ನ ರೋಟರನ್ನೂ ತಾನೇ ಓಡಿಸಬೇಕು. ಆ ಪಾಲು ಕಪ್ಲಿಂಗ್ ದಾಟುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಒಟ್ಟು ಇನರ್ಷಿಯಾದ 62 ಶೇಕಡಾ ಲೋಡ್ ಕಡೆ ಇದೆ. ಹಾಗಾಗಿ 7.2ರಲ್ಲಿ ದಾಟುವುದು ಸುಮಾರು 4.5 ನ್ಯೂಟನ್ ಮೀಟರ್.

ಆಗ ಜಾ 0.00375 ರೇಡಿಯನ್ ತಿರುಚುತ್ತದೆ. ಟೇಬಲ್ ಮೇಲೆ ಅದು 6 ಮೈಕ್ರಾನ್. ಡಿಸ್ಕ್‌ನಲ್ಲಿ 1 ಮೈಕ್ರಾನ್, ಬೆಲ್ಲೋಸ್‌ನಲ್ಲಿ ಅರ್ಧ. ಇದು ಪೂರ್ತಿ ಪೀಕ್ ಹೊಡೆದಾಗಿನ ಕಥೆ. ಆಕ್ಸಿಸ್ ನಿಂತ ಮೇಲೆ ಉಳಿಯುವುದು ಫ್ರಿಕ್ಷನ್ ಮಾತ್ರ. ಸ್ಕ್ರೂ, ಸೀಲ್, ಬೇರಿಂಗ್ ಎಲ್ಲ ಸೇರಿ 0.3 ನ್ಯೂಟನ್ ಮೀಟರ್ ಅಂದುಕೊಂಡರೆ ಜಾದಲ್ಲಿ 0.4 ಮೈಕ್ರಾನ್. ದಿಕ್ಕು ಬದಲಿಸಿದಾಗ ತಿರುಚು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಹಾಗಾಗಿ ಎರಡು ಪಟ್ಟು, 0.8 ಮೈಕ್ರಾನ್. ಡ್ರಿಲ್ಲಿಂಗಿನಲ್ಲಿ ಆಕ್ಸಿಸ್ ಮೇಲೆ 1,000 ನ್ಯೂಟನ್ ಒತ್ತಡ ಬಂದರೂ ಟಾರ್ಕ್ 1.6, ಜಾ ಬಿಟ್ಟುಕೊಡುವುದು 2 ಮೈಕ್ರಾನ್ ಮಾತ್ರ.

ತೂತು ಕೊರೆಯುವ, ಪಿಕ್ ಅಂಡ್ ಪ್ಲೇಸ್ ಮಾಡುವ, ಸ್ಕ್ರೂ ಬಿಗಿಯುವ ಮಷೀನಿಗೆ 2 ಮೈಕ್ರಾನ್ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಬಾಲ್ ನಟ್ ಮತ್ತು ಬೇರಿಂಗ್ ಅದೇ 1,000 ನ್ಯೂಟನ್ನಿಗೆ ಅದಕ್ಕಿಂತ ಜಾಸ್ತಿ ಬಿಟ್ಟುಕೊಡುತ್ತವೆ. ಸ್ಕ್ರೂ ಇರುವ ಆಕ್ಸಿಸ್‌ನಲ್ಲಿ ವೈಂಡಪ್ ಹೆಸರು ಹೇಳಿ ಬೆಲ್ಲೋಸ್ ಮಾರುವವರನ್ನು ಮೊದಲು ಲೀಡ್ ಎಷ್ಟು ಅಂತ ಕೇಳಿ. ಲೀಡ್ 5 ಮಿ.ಮೀ. ಆದರೆ ಅದೇ ತಿರುಚಿಗೆ ತಪ್ಪೂ ಅರ್ಧವಾಗುತ್ತದೆ.

ರೆಸೋನೆನ್ಸ್‌ನಲ್ಲಿ ಕಥೆ ಬೇರೆ

ವೈಂಡಪ್ ಚಿಕ್ಕದು ಅಂತ ಗೊತ್ತಾಯಿತು. ಆದರೂ ಸ್ಟಿಫ್ ಕಪ್ಲಿಂಗ್ ಹಾಕಿದಾಗ ಕೆಲವು ಮಷೀನು ನಿಜಕ್ಕೂ ಚುರುಕಾಗುತ್ತವೆ. ಕಾರಣ ರೆಸೋನೆನ್ಸ್.

```
f = (1/2π) · √( k · (1/Jm + 1/JL) )
```

Jm ಮೋಟರ್ ಕಡೆಯ ಇನರ್ಷಿಯಾ, JL ಲೋಡ್ ಕಡೆಯದ್ದು. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಪೈಡರ್ ನಿಧಾನಕ್ಕೆ ಒತ್ತಿದಾಗ ಒಂದು ಸ್ಟಿಫ್‌ನೆಸ್ ತೋರಿಸುತ್ತದೆ, ವೇಗವಾಗಿ ನಡುಗಿಸಿದಾಗ ಅದರ ಸುಮಾರು ಎರಡು ಪಟ್ಟು. ಒಳ್ಳೆ ಕ್ಯಾಟಲಾಗಿನಲ್ಲಿ ಸ್ಟ್ಯಾಟಿಕ್, ಡೈನಾಮಿಕ್ ಅಂತ ಎರಡೂ ಇರುತ್ತವೆ. ವೈಂಡಪ್ಪಿಗೆ ಮೊದಲನೆಯದು, ರೆಸೋನೆನ್ಸಿಗೆ ಎರಡನೆಯದು. ನಮ್ಮ ಜಾಗೆ ಡೈನಾಮಿಕ್ 2,500 ಅಂತ ಇಟ್ಟುಕೊಳ್ಳೋಣ. ಲೋಹದ ಕಪ್ಲಿಂಗ್‌ಗಳಲ್ಲಿ ಈ ವ್ಯತ್ಯಾಸ ಇಲ್ಲ.

ಬರೀ ಕಪ್ಲಿಂಗ್ ಹಾಕಿ ಲೆಕ್ಕ ಮಾಡಿದರೆ ಜಾ ಸುಮಾರು 920 ಹರ್ಟ್ಜ್, ಡಿಸ್ಕ್ 1,540, ಬೆಲ್ಲೋಸ್ 2,170. ಭಾರಿ ಅಂತರ. ಆದರೆ ಕಪ್ಲಿಂಗ್ ಮುಂದೆ ಸ್ಕ್ರೂ ಇದೆ, ಅದೂ ತಿರುಚುತ್ತದೆ. 20 ಮಿ.ಮೀ. ಸ್ಕ್ರೂವಿನ ತಳವ್ಯಾಸ ಸುಮಾರು 17 ಮಿ.ಮೀ. ನಟ್ ಮಧ್ಯದಲ್ಲಿ, ಅಂದರೆ 300 ಮಿ.ಮೀ. ದೂರದಲ್ಲಿ ನಿಂತಿದ್ದರೆ ಆ ತುಂಡಿನ ಸ್ಟಿಫ್‌ನೆಸ್ ರೇಡಿಯನ್ನಿಗೆ 2,200 ಮಾತ್ರ! ಗಟ್ಟಿ ಸ್ಟೀಲ್ ಸ್ಕ್ರೂ ರಬ್ಬರಿನಂಥ ಸ್ಪೈಡರ್‌ಗಿಂತಲೂ ಮೆತ್ತಗೆ ಎಂದರೆ ನಂಬುವುದು ಕಷ್ಟ. ಆದರೆ ತೆಳ್ಳಗಿನ ಉದ್ದ ಸರಳನ್ನು ತಿರುಚುವುದು ಸುಲಭ, ಅಷ್ಟೇ.

ಎರಡು ಸ್ಪ್ರಿಂಗ್ ಸಾಲಾಗಿ ಸೇರಿದಾಗ ಒಟ್ಟು ಸ್ಟಿಫ್‌ನೆಸ್ ಎರಡರಲ್ಲಿ ಮೆತ್ತಗಿರುವುದಕ್ಕಿಂತಲೂ ಕಡಿಮೆ ಬರುತ್ತದೆ. ಸಣ್ಣ ಹಗ್ಗದ ತುದಿಗೆ ದಪ್ಪ ಸರಪಳಿ ಕಟ್ಟಿ ಎಳೆದ ಹಾಗೆ, ಹಿಗ್ಗುವುದು ಹಗ್ಗವೇ.

```
1/k = 1/k_coupling + 1/k_screw
```

ಲೆಕ್ಕ ಮಾಡಿದರೆ ಜಾ ಜೊತೆಗೆ ಒಟ್ಟು 1,170, ಡಿಸ್ಕ್ ಜೊತೆ 1,670, ಬೆಲ್ಲೋಸ್ ಜೊತೆ 1,900. ಫ್ರೀಕ್ವೆನ್ಸಿ ಕ್ರಮವಾಗಿ 630, 750, 800 ಹರ್ಟ್ಜ್. ಕ್ಯಾಟಲಾಗಿನಲ್ಲಿ ಬೆಲ್ಲೋಸ್ ಜಾಗಿಂತ ಹನ್ನೆರಡು ಪಟ್ಟು ಸ್ಟಿಫ್ ಆಗಿತ್ತು. ಮಷೀನಿಗೆ ಬಂದಾಗ ಉಳಿದದ್ದು ಫ್ರೀಕ್ವೆನ್ಸಿಯಲ್ಲಿ ಕಾಲು ಭಾಗದಷ್ಟು ಲಾಭ. ಡಿಸ್ಕ್ ಮತ್ತು ಬೆಲ್ಲೋಸ್ ನಡುವೆ ಬರೀ 50 ಹರ್ಟ್ಜ್, ಅದಕ್ಕಾಗಿ ಯಾರೂ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಸ್ಕ್ರೂವಿನ ಇನರ್ಷಿಯಾ ಉದ್ದಕ್ಕೂ ಹರಡಿರುವುದರಿಂದ ಈ ಲೆಕ್ಕ ಅಂದಾಜಿನದು. ಆದರೆ ಆಯ್ಕೆ ಮಾಡಲು ಸಾಕು.

ಈಗ ನಟ್ಟನ್ನು ಮೋಟರ್ ಹತ್ತಿರ ತನ್ನಿ, 50 ಮಿ.ಮೀ. ದೂರಕ್ಕೆ. ಸ್ಕ್ರೂವಿನ ಆ ಚಿಕ್ಕ ತುಂಡು 13,000ಕ್ಕೆ ಏರುತ್ತದೆ. ಆಗ ಜಾ 840 ಹರ್ಟ್ಜ್, ಬೆಲ್ಲೋಸ್ 1,500. ಇದರಲ್ಲಿ ಒಂದು ಮಾತು ಅಡಗಿದೆ. ಬೆಲ್ಲೋಸ್ ಹಾಕಿದ ಆಕ್ಸಿಸ್‌ನಲ್ಲಿ ಟೇಬಲ್ ಮಧ್ಯದಿಂದ ಮೋಟರ್ ಕಡೆಗೆ ಸರಿದಂತೆ ರೆಸೋನೆನ್ಸ್ 800ರಿಂದ 1,500ರವರೆಗೆ ಅಲೆಯುತ್ತದೆ, ಜಾದಲ್ಲಿ 630ರಿಂದ 840 ಅಷ್ಟೇ. ಡ್ರೈವಿನ ನಾಚ್ ಫಿಲ್ಟರನ್ನು ಟೇಬಲ್ ಒಂದು ಕಡೆ ನಿಲ್ಲಿಸಿ ಸೆಟ್ ಮಾಡಿದರೆ ಇನ್ನೊಂದು ತುದಿಯಲ್ಲಿ ಅದು ಗುರಿ ತಪ್ಪುತ್ತದೆ. ಆಕ್ಸಿಸ್ ಒಂದು ತುದಿಯಲ್ಲಿ ಮಾತ್ರ ಸಿಳ್ಳೆ ಹಾಕುತ್ತದೆ, ಮಧ್ಯದಲ್ಲಿ ಸುಮ್ನೆ ಇರುತ್ತದೆ ಅಂದರೆ ಇದನ್ನೇ ಅನುಮಾನಿಸಿ. ಆಟೋ ಟ್ಯೂನಿಂಗನ್ನು ಎರಡೂ ತುದಿಯಲ್ಲಿ ಮತ್ತು ಮಧ್ಯದಲ್ಲಿ ಮಾಡಿ ನೋಡಿ, ಸಿಕ್ಕ ಫ್ರೀಕ್ವೆನ್ಸಿ ಬರೆದಿಟ್ಟುಕೊಳ್ಳಿ.

ಲೋಹದ ಕಪ್ಲಿಂಗಿಗೆ ಇನ್ನೊಂದು ಕೊರತೆ ಇದೆ. ಅದು ಕಂಪನವನ್ನು ನುಂಗುವುದಿಲ್ಲ. ರೆಸೋನೆನ್ಸ್ ಮೇಲಿರುತ್ತದೆ ನಿಜ, ಆದರೆ ಮೊನಚಾಗಿರುತ್ತದೆ. ಪಾಲಿಯುರೆಥೇನ್ ಆ ಮೊನಚನ್ನು ತಗ್ಗಿಸುತ್ತದೆ. ಹಳೆ ಡ್ರೈವಿನಲ್ಲಿ ನಾಚ್ ಫಿಲ್ಟರ್ ಒಂದೇ ಇದ್ದರೆ ಅಥವಾ ಟ್ಯೂನಿಂಗ್ ಮಾಡುವವರು ಸೈಟಿನಲ್ಲಿ ಇಲ್ಲದಿದ್ದರೆ, ಜಾ ಹಾಕಿದ ಆಕ್ಸಿಸ್ ಬೆಲ್ಲೋಸ್ ಹಾಕಿದ್ದಕ್ಕಿಂತ ಜಾಸ್ತಿ ಗೇನ್ ತಡೆಯುವುದೂ ಉಂಟು.

ಹಾಗಾದರೆ ಲೋಹದ ಕಪ್ಲಿಂಗ್ ಎಲ್ಲಿ ಬೇಕೇ ಬೇಕು

ಕಪ್ಲಿಂಗ್ ಮುಂದಿನದ್ದೆಲ್ಲ ಅದಕ್ಕಿಂತ ಗಟ್ಟಿಯಾಗಿರುವ ಕಡೆ. ಸ್ಕ್ರೂ 32 ಮಿ.ಮೀ. ಆಯಿತು ಅನ್ನಿ, ತಳವ್ಯಾಸ 28. ತಿರುಚಿನ ಸ್ಟಿಫ್‌ನೆಸ್ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. ಅದೇ 300 ಮಿ.ಮೀ. ಉದ್ದಕ್ಕೆ 2,200 ಇದ್ದದ್ದು 16,000 ಆಗುತ್ತದೆ. ಈಗ ಸಾಲಿನಲ್ಲಿ ಮೆತ್ತಗಿರುವುದು ಕಪ್ಲಿಂಗೇ. ಇಲ್ಲಿ ಜಾ ಹಾಕಿದರೆ ದಪ್ಪ ಸ್ಕ್ರೂಗೆ ಕೊಟ್ಟ ದುಡ್ಡಿನ ಲಾಭವನ್ನು ಜಾ ತಿಂದುಹಾಕುತ್ತದೆ. ಮಿಲ್ಲಿಂಗ್, ಕಾಂಟೂರಿಂಗ್, ಗ್ರೈಂಡಿಂಗ್ ಮಾಡುವ ಮಷೀನುಗಳು ಬಹುಪಾಲು ಈ ಗುಂಪಿನವು.

ಎರಡನೆಯ ಜಾಗ ಗೇರ್‌ಬಾಕ್ಸಿನ ಔಟ್‌ಪುಟ್. ಕಪ್ಲಿಂಗ್ ಗೇರ್‌ಬಾಕ್ಸಿಗೆ ಮೊದಲು ಇದ್ದರೆ ಅದರ ತಿರುಚು ರೇಶಿಯೋದಿಂದ ಭಾಗವಾಗಿ ಹೊರಗೆ ಬರುತ್ತದೆ. 10:1 ಇದ್ದರೆ ಹತ್ತನೇ ಒಂದು. ಔಟ್‌ಪುಟ್ ಕಡೆ ಇದ್ದರೆ ಏನೂ ಭಾಗವಾಗುವುದಿಲ್ಲ, ಮೇಲಾಗಿ ಟಾರ್ಕ್ ಹತ್ತು ಪಟ್ಟು. ಲೇಬಲ್ ಅಥವಾ ಪ್ರಿಂಟಿಂಗ್ ಮಷೀನಿನ ಒಂದು ರೋಲರ್ ಯೋಚಿಸಿ. ತ್ರಿಜ್ಯ 50 ಮಿ.ಮೀ., ಟಾರ್ಕ್ 20 ನ್ಯೂಟನ್ ಮೀಟರ್. ಈ ಟಾರ್ಕಿಗೆ ಬರುವ ದೊಡ್ಡ ಜಾದ ಸ್ಟಿಫ್‌ನೆಸ್ 3,500 ಇರಬಹುದು, ಬೆಲ್ಲೋಸ್ 60,000. ಜಾ ಹಾಕಿದರೆ ರೋಲರಿನ ಮೈಮೇಲೆ 0.29 ಮಿ.ಮೀ. ಸರಿತ. ಬೆಲ್ಲೋಸ್‌ನಲ್ಲಿ 0.017. ಎರಡು ಬಣ್ಣ ಒಂದರ ಮೇಲೊಂದು ಕೂರಬೇಕಾದಾಗ 0.29 ಬರಿಗಣ್ಣಿಗೇ ಕಾಣುತ್ತದೆ. ಸ್ಕ್ರೂ ಆಕ್ಸಿಸ್‌ನಲ್ಲಿ ಲೀಡ್ ನಮ್ಮನ್ನು ಕಾಪಾಡುತ್ತಿತ್ತು, ಇಲ್ಲಿ ಕಾಪಾಡುವವರು ಯಾರೂ ಇಲ್ಲ. ಇಂಡೆಕ್ಸ್ ಟೇಬಲ್, ರ‍್ಯಾಕ್ ಪಿನಿಯನ್ ಇವೂ ಇದೇ ಜಾತಿ. ಇಲ್ಲಿ ಬಜೆಟ್ ನೋಡಬೇಡಿ, ಬೆಲ್ಲೋಸ್ ಅಥವಾ ಡಿಸ್ಕ್ ಹಾಕಿ.

ಮೂರನೆಯದು ಲೀನಿಯರ್ ಸ್ಕೇಲ್ ಹಾಕಿ ಅದರಿಂದಲೇ ಲೂಪ್ ಮುಚ್ಚಿರುವ ಆಕ್ಸಿಸ್. ಸ್ಕೇಲ್ ಇದ್ದ ಮೇಲೆ ಕಪ್ಲಿಂಗ್ ಮೆತ್ತಗಿದ್ದರೇನು, ಅದೇ ಸರಿಮಾಡಿಕೊಳ್ಳುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸ್ಕೇಲ್ ಬಂದ ಮೇಲೆ ಕಪ್ಲಿಂಗ್ ಲೂಪಿನ ಒಳಗೆ ಸೇರುತ್ತದೆ. ಸ್ಪೈಡರ್ ಸವೆದು ಸ್ವಲ್ಪ ಬ್ಯಾಕ್‌ಲ್ಯಾಶ್ ಬಂದರೂ ಆಕ್ಸಿಸ್ ನಿಂತ ಜಾಗದಲ್ಲೇ ಹಿಂದೆ ಮುಂದೆ ಹುಡುಕಾಡಲು ಶುರುವಾಗುತ್ತದೆ.

Z ಆಕ್ಸಿಸ್: ಮುರಿದರೆ ಏನು

ಬೆಲ್ಲೋಸ್ ಮುರಿಯುವಾಗ ಬಹುಮಟ್ಟಿಗೆ ಮುನ್ಸೂಚನೆ ಕೊಡುವುದಿಲ್ಲ. ಅಲೈನ್‌ಮೆಂಟ್ ಕೆಟ್ಟಿದ್ದರೆ ಪ್ರತಿ ಸುತ್ತಿಗೂ ಸುಕ್ಕು ಬಾಗಿ ಬಾಗಿ ದಣಿದು ಒಂದು ದಿನ ಸೀಳುತ್ತದೆ. ಸೀಳಿದ ಮೇಲೆ ಮೋಟರಿಗೂ ಸ್ಕ್ರೂಗೂ ಸಂಬಂಧವೇ ಇಲ್ಲ. ಮಲಗಿರುವ ಆಕ್ಸಿಸ್‌ನಲ್ಲಿ ಇದು ಬರೀ ಬ್ರೇಕ್‌ಡೌನ್. ನಿಂತಿರುವ ಆಕ್ಸಿಸ್‌ನಲ್ಲಿ ಬ್ರೇಕ್ ಇರುವುದು ಮೋಟರಿನ ಒಳಗೆ. ಬ್ರೇಕ್ ಮೋಟರ್ ಶಾಫ್ಟನ್ನು ಗಟ್ಟಿಯಾಗಿ ಹಿಡಿದೇ ಇರುತ್ತದೆ, ಆದರೆ ಬಾಲ್‌ಸ್ಕ್ರೂ ಭಾರಕ್ಕೆ ತಾನೇ ತಿರುಗಿ ಹೆಡ್ ಕೆಳಗೆ ಬರುತ್ತದೆ. ಕೆಳಗೆ ಆಪರೇಟರ್ ಕೈ ಇರಬಹುದು.

ಜಾದಲ್ಲಿ ಸ್ಪೈಡರ್ ಪೂರ್ತಿ ಪುಡಿಯಾದರೂ ಎರಡು ಹಬ್‌ಗಳ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಲೋಹಕ್ಕೆ ಲೋಹ ಬಡಿದು ಸದ್ದು ಮಾಡುತ್ತದೆ, ಆದರೆ ಬಿಡುವುದಿಲ್ಲ. ಸಾಮಾನ್ಯ ನಿಖರತೆ ಸಾಕಾಗುವ Z ಆಕ್ಸಿಸ್‌ಗೆ ನಾನು ಜಾ ಕಡೆಗೇ ವಾಲುತ್ತೇನೆ. ಬೆಲ್ಲೋಸೋ ಡಿಸ್ಕೋ ಬೇಕೇ ಬೇಕು ಅಂದರೆ ಸ್ಕ್ರೂ ಕಡೆಗೆ ಇನ್ನೊಂದು ಬ್ರೇಕ್ ಅಥವಾ ಕೌಂಟರ್‌ವೇಟ್ ಹಾಕಿ. ಕ್ಲಾಂಪ್ ಜಾರಿದರೂ ಹೆಡ್ ಬೀಳಬಹುದು, ಅದು ಮೂರೂ ಬಗೆಗೆ ಅನ್ವಯಿಸುತ್ತದೆ.

ಬಿಸಿ, ಸವೆತ, ಕೂರಿಸುವ ಕೆಲಸ

ಸ್ಪೈಡರ್ ಬಿಸಿಗೆ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಶೆಡ್ ಒಳಗೇ 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಲೋಡಿನಲ್ಲಿ ಓಡುವ ಮೋಟರಿನ ಬಿಸಿ ಶಾಫ್ಟ್ ಮೂಲಕ ಹಬ್ಬಿಗೆ ಬರುತ್ತದೆ. ಅದಕ್ಕೇ ಜಾ ಕ್ಯಾಟಲಾಗಿನಲ್ಲಿ ತಾಪಮಾನದ ಫ್ಯಾಕ್ಟರ್ ಅಂತ ಒಂದು ಸಾಲು ಇರುತ್ತದೆ, ಅದನ್ನು ಬಿಡಬೇಡಿ. ಬೆಳಿಗ್ಗೆ ಸರಿಯಾಗಿದ್ದ ಮಷೀನು ಮಧ್ಯಾಹ್ನ ಕೂಗಿದರೆ ಒಂದು ಕಾರಣ ಇದೂ ಇರಬಹುದು. ಬೆಲ್ಲೋಸ್, ಡಿಸ್ಕ್‌ಗೆ ಈ ತಲೆನೋವಿಲ್ಲ.

ಸವೆತದ ಗುರುತು ಕಣ್ಣಿಗೆ ಕಾಣುತ್ತದೆ. ಜಾ ಕೆಳಗೆ ಸ್ಪೈಡರ್ ಬಣ್ಣದ ನುಣ್ಣನೆಯ ಪುಡಿ ಬಿದ್ದಿದ್ದರೆ ಅಲೈನ್‌ಮೆಂಟ್ ಸರಿ ಇಲ್ಲ. ಡಿಸ್ಕ್ ಪ್ಯಾಕ್ ಅಂಚಿನಲ್ಲಿ ಕೆಂಪು ತುಕ್ಕಿನಂಥ ಪುಡಿ ಬಂದರೆ ತಗಡುಗಳು ಒಂದಕ್ಕೊಂದು ಉಜ್ಜುತ್ತಿವೆ. ಸ್ಪೈಡರ್ ಬಣ್ಣ ನೋಡಿ ಗಟ್ಟಿತನ ಹೇಳಬೇಡಿ. ಒಂದೊಂದು ಕಂಪನಿ ಒಂದೊಂದು ಬಣ್ಣ ಇಟ್ಟಿದೆ, ಸ್ಪೈಡರ್ ಮೇಲೆ ಅಚ್ಚಾಗಿರುವ ಅಂಕಿ ನೋಡಿ.

ಕೂರಿಸುವಾಗ ಜಾಗೆ ಒಂದು ದೊಡ್ಡ ಅನುಕೂಲ ಇದೆ. ಹಬ್ ಎರಡನ್ನೂ ಮೊದಲೇ ಬಿಗಿದು ಮೋಟರನ್ನು ಒತ್ತಿ ಸೇರಿಸಿದರೆ ಆಯಿತು. ಮೋಟರ್ ಬದಲಿಸುವಾಗಲೂ ಹಾಗೇ ಎಳೆದು ತೆಗೆಯಬಹುದು. ಬೆಲ್ಲೋಸ್‌ಗೆ ಬ್ರಾಕೆಟ್‌ನಲ್ಲಿ ಅಲನ್ ಕೀ ಹೋಗುವಷ್ಟು ಕಿಂಡಿ ಬೇಕು. ಅದು ಡ್ರಾಯಿಂಗ್ ಹಂತದಲ್ಲೇ ಯೋಚಿಸಬೇಕಾದ ಮಾತು. ಬೆಲ್ಲೋಸ್ ಹಿಡಿದು ಎಳೆಯುವುದು, ಬಾಗಿಸಿ ತೂರಿಸುವುದು ಮಾಡಿದರೆ ಓಡುವ ಮೊದಲೇ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಬ್ಬನ್ನು ಹಿಡಿದೇ ಕೂರಿಸಿ.

ಮೂರರಲ್ಲೂ ಕೀ ಇಲ್ಲದ ಕ್ಲಾಂಪ್ ಹಬ್ ಒಳ್ಳೆಯದು, ಕೀವೇ ಅಂದರೆ ಬ್ಯಾಕ್‌ಲ್ಯಾಶ್‌ಗೆ ದಾರಿ. ಶಾಫ್ಟ್ ಮೇಲಿನ ಎಣ್ಣೆ ಒರೆಸಿ, ಸ್ಕ್ರೂವನ್ನು ಟಾರ್ಕ್ ವ್ರೆಂಚಿನಿಂದ ಕ್ಯಾಟಲಾಗ್ ಹೇಳಿದಷ್ಟೇ ಬಿಗಿಯಿರಿ. ಆಮೇಲೆ ಶಾಫ್ಟ್ ಮತ್ತು ಹಬ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ.

ಮುಂದೆ ಆಕ್ಸಿಸ್ ತಪ್ಪಿದಾಗ ಆ ಗೆರೆಯೇ ಸಾಕ್ಷಿ. ತಪ್ಪು ದಿನದಿಂದ ದಿನಕ್ಕೆ ಒಂದೇ ಕಡೆ ಬೆಳೆಯುತ್ತಿದ್ದರೆ, ಗೆರೆ ಎರಡು ತುಂಡಾಗಿದ್ದರೆ, ಕ್ಲಾಂಪ್ ಜಾರುತ್ತಿದೆ. ಸ್ಟಿಫ್ ಕಪ್ಲಿಂಗ್ ತಂದರೂ ಅದು ನಿಲ್ಲುವುದಿಲ್ಲ. ತಪ್ಪು ಪ್ರತಿ ಸಲ ಅಷ್ಟೇ ಇದ್ದು ದಿಕ್ಕು ಬದಲಿಸಿದಾಗ ಮಾತ್ರ ಕಾಣುತ್ತಿದ್ದರೆ ಅದು ಬ್ಯಾಕ್‌ಲ್ಯಾಶ್ ಅಥವಾ ವೈಂಡಪ್. ಈ ಎರಡನ್ನು ಬಿಡಿಸಲು ಮಲಗಿರುವ ಆಕ್ಸಿಸ್‌ನಲ್ಲಿ ಸರ್ವೋ ಆನ್ ಮಾಡಿ ಆಕ್ಸಿಸ್ ನಿಲ್ಲಿಸಿ. ಸ್ಕ್ರೂ ಕಡೆಯ ಹಬ್‌ಗೆ ಒಂದು ಚಿಕ್ಕ ಕಡ್ಡಿ ಕ್ಲಾಂಪ್ ಮಾಡಿ, ಅದರ ತುದಿಗೆ ಡಯಲ್ ಗೇಜ್ ಇಡಿ. ಆ ಮೇಲೆ ಸ್ಕ್ರೂವನ್ನು ಕೈಯಿಂದ ಮೆಲ್ಲಗೆ ಆಚೆ ಈಚೆ ತಿರುಗಿಸಿ. ಮುಳ್ಳು ಶುರುವಿನಲ್ಲಿ ಯಾವ ಒತ್ತಡವೂ ಇಲ್ಲದೆ ಸಲೀಸಾಗಿ ಓಡಿ ಆಮೇಲೆ ತಡೆದರೆ ಅದು ಬ್ಯಾಕ್‌ಲ್ಯಾಶ್. ಕೈ ಒತ್ತಿದಷ್ಟೇ ಮುಳ್ಳು ಓಡಿ, ಬಿಟ್ಟಾಗ ಹಿಂದಕ್ಕೆ ಬಂದರೆ ಅದು ವೈಂಡಪ್. ಈ ಪರೀಕ್ಷೆ ಮಾಡುವಾಗ ಎಮರ್ಜೆನ್ಸಿ ಸ್ಟಾಪ್ ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ.

ಯಾರಿಗೆ ಯಾವುದು

ತೆಳ್ಳಗಿನ ಉದ್ದ ಸ್ಕ್ರೂ, ಪಾಯಿಂಟ್‌ನಿಂದ ಪಾಯಿಂಟಿಗೆ ಹೋಗುವ ಕೆಲಸ, ಕಡಿಮೆ ಬಜೆಟ್: 98ಎ ಸ್ಪೈಡರ್ ಜಾ ತೆಗೆದುಕೊಳ್ಳಿ, ನೆಮ್ಮದಿಯಾಗಿರಿ. ದಪ್ಪ ಸ್ಕ್ರೂ, ಕಾಂಟೂರಿಂಗ್, ಅಥವಾ ಸ್ಕೇಲ್ ಇರುವ ಆಕ್ಸಿಸ್: ನನ್ನ ಮೊದಲ ಆಯ್ಕೆ ಡಬಲ್ ಡಿಸ್ಕ್. ಸ್ಕ್ರೂ ಆಕ್ಸಿಸ್‌ನಲ್ಲಿ ಬೆಲ್ಲೋಸ್‌ನ ಬಹುಪಾಲು ಲಾಭವನ್ನು ಅದೇ ಕೊಡುತ್ತದೆ, ಕೂರಿಸುವಾಗಿನ ಚಿಕ್ಕಪುಟ್ಟ ಒರಟು ಕೈಯನ್ನೂ ತಡೆಯುತ್ತದೆ. ಗೇರ್‌ಬಾಕ್ಸ್ ಔಟ್‌ಪುಟ್, ರೋಲರ್, ಇಂಡೆಕ್ಸ್ ಟೇಬಲ್ ಅಂದರೆ ಬೆಲ್ಲೋಸ್. ಅಲ್ಲಿ ಪ್ರತಿ ರೇಡಿಯನ್ನಿಗೂ ಬೆಲೆ ಇದೆ.

ಈಗಾಗಲೇ ಜಾ ಹಾಕಿದ ಮಷೀನಿನಲ್ಲಿ ಗೇನ್ ಸಾಲುತ್ತಿಲ್ಲ ಅಂತಿದ್ದರೆ ಕಪ್ಲಿಂಗ್ ಕೀಳುವ ಮೊದಲು ಸ್ಪೈಡರ್ ಮಾತ್ರ ಬದಲಿಸಿ ನೋಡಿ. ಅದೇ ಹಬ್ಬಿಗೆ 98ಎ ತೆಗೆದು 64ಡಿ ಹಾಕಿದರೆ ಸ್ಟಿಫ್‌ನೆಸ್ ಸುಮಾರು ಒಂದೂವರೆ ಪಟ್ಟಿಗಿಂತ ಮೇಲೆ ಹೋಗುತ್ತದೆ. ಬದಲಿಗೆ ಡ್ಯಾಂಪಿಂಗ್ ಸ್ವಲ್ಪ ಹೋಗುತ್ತದೆ, ಅಲೈನ್‌ಮೆಂಟ್ ತಪ್ಪನ್ನು ಅದು ಅಷ್ಟಾಗಿ ಸಹಿಸುವುದಿಲ್ಲ. ಹಾಗಾಗಿ ಡಯಲ್ ಇಟ್ಟು ಎರಡು ಶಾಫ್ಟ್ ಸರಿಮಾಡಿಯೇ ಹಾಕಿ. ಡ್ರೈವಿನಲ್ಲಿ ರೆಸೋನೆನ್ಸ್ ಫ್ರೀಕ್ವೆನ್ಸಿಯನ್ನು ಬದಲಿಸುವ ಮೊದಲೊಮ್ಮೆ, ಬದಲಿಸಿದ ಮೇಲೊಮ್ಮೆ ಟೇಬಲ್ ಒಂದೇ ಜಾಗದಲ್ಲಿ ನಿಲ್ಲಿಸಿ ಅಳೆಯಿರಿ. ಫ್ರೀಕ್ವೆನ್ಸಿ ಚೆನ್ನಾಗಿ ಏರಿದರೆ ನಿಮ್ಮ ಸಾಲಿನಲ್ಲಿ ಮೆತ್ತಗಿರುವುದು ಕಪ್ಲಿಂಗೇ. ಆಗ ಒಂದು ಸೈಜ್ ದೊಡ್ಡ ಜಾ ಅಥವಾ ಡಿಸ್ಕ್‌ಗೆ ದುಡ್ಡು ಹಾಕಬಹುದು. ಹೆಚ್ಚು ಕಡಿಮೆ ಅಲ್ಲೇ ನಿಂತರೆ ಸ್ಕ್ರೂ, ಬೇರಿಂಗ್ ಬ್ಲಾಕ್ ಮತ್ತು ಮೋಟರ್ ಬ್ರಾಕೆಟ್ ಕಡೆ ನೋಡಿ. ಬೆಲ್ಲೋಸ್ ಆರ್ಡರ್ ಸದ್ಯಕ್ಕೆ ತಡೆಹಿಡಿಯಿರಿ.